ಅಡವಿಯಪ್ಪನ ಟೈರಿನ ಒಳಮೈ

ನಮ್ಮ ಉಮಾಮಹೇಶ್ವರಿಗೆ ಚಂದ್ರನ ಫೋಟೋ ಕಳಿಸಿದರೂ ಒಂದು ಗಳಿಗೆ ದಿಟ್ಟಿಸಿ ನೋಡಿ, ಇದು ಯಾವ ಸೈಜು, ಎಷ್ಟು ಲೋಡ್ ತಡೆಯುತ್ತದೆ, ಯಾವ ಕಂಪನಿ ಮಾಡಿದ್ದು ಎಂದು ಹೇಳಿಬಿಡುತ್ತಾಳೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ. ಅದು ಸುಳ್ಳು. ಆದರೆ ಒಮ್ಮೆ ಯಾರೋ ಟೈರಿನ ಫೋಟೋ ತೆಗೆಯಲು ಹೋಗಿ ಎಮ್ಮೆಯ ಹೊಟ್ಟೆಯ ಫೋಟೋ ಕಳಿಸಿದ್ದರು. ಎಮ್ಮೆಯ ಕಾಲುಗಳ ಸಂದಿಯಲ್ಲಿ ಹೆಬ್ಬೆರಳಿನಷ್ಟು ಟೈರು ಕಾಣುತ್ತಿತ್ತು. ಅದರಲ್ಲೇ ಸೈಜು ಓದಿ ಹೇಳಿದಳು. ಅದು ಮಾತ್ರ ನಿಜ, ಎಮ್ಮೆಯ ಆಣೆ.

ಅಂತರಸನಹಳ್ಳಿಯಲ್ಲಿ ನನ್ನದೊಂದು ಹಳೇ ಕಟ್ಟಡ ಇದೆ. ಮೇಲೆ ನಾನು, ಕೆಳಗೆ ಗುರುಪ್ರಕಾಶನ ಟೈರ್ ಅಂಗಡಿ. ಮೂವತ್ತೆರಡು ವರ್ಷ ಲಾರಿ ಓಡಿಸಿದವನಿಗೆ ರಬ್ಬರಿನ ವಾಸನೆ ಇಲ್ಲದೆ ಕಾಫಿ ಇಳಿಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೆಲ್ಲ ಕೆಳಗಿಳಿದು ಅವರ ಅಂಗಡಿಯ ಕುರ್ಚಿಯಲ್ಲಿ ಕೂತುಬಿಡುತ್ತೇನೆ.

ಉಮಾ ಊರ್ಡಿಗೆರೆಯವಳು. ಅಪ್ಪ ಅಲ್ಲಿ ಪಂಕ್ಚರ್ ಹಾಕುತ್ತಿದ್ದ. ಅ ಆ ಇ ಈ ಕಲಿಯುವುದಕ್ಕೆ ಮುಂಚೆ ಅವಳು ಟೈರಿನ ಮೇಲಿನ ಅಕ್ಷರ ತಡವಿ ಓದುತ್ತಿದ್ದಳಂತೆ. ಪಿಯುಸಿ ಮುಗಿಸಿ ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷ ಮಾಲು ತಪಾಸಣೆ ಮಾಡಿದಳು. ಅಲ್ಲಿ ಸೂಪರ್‌ವೈಸರ್ ಕೆಟ್ಟ ಮಾಲನ್ನು ಪಾಸು ಮಾಡು ಎಂದಾಗ ಸಹಿ ಹಾಕದೆ ಪೆನ್ನನ್ನು ಅವನ ಜೇಬಿಗೆ ಸಿಕ್ಕಿಸಿ ಬಂದವಳು. ಈಗ ಇಲ್ಲಿ ಫೋನಿನ ಮುಂದೆ ಕೂರುತ್ತಾಳೆ. ಗುಬ್ಬಿ, ಕುಣಿಗಲ್ ಕಡೆಯ ಗಾಡಿಯವರು ಟೈರಿನ ಫೋಟೋ ಕಳಿಸುತ್ತಾರೆ. ಇವಳು ಓದಿ ಬೆಂಗಳೂರಿಗೆ ಆರ್ಡರ್ ಹೇಳುತ್ತಾಳೆ. ಹನ್ನೊಂದು ಗಂಟೆಯೊಳಗೆ ಹೇಳಿದರೆ ಸಂಜೆ ಲಾರಿಗೆ ಮಾಲು ಬರುತ್ತದೆ. ತಪ್ಪಿದರೆ ಮಾರನೇ ದಿನ ಸಂಜೆ.

ಇವಳಿಗೆ ಕೋಪ ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ಹೋದ ವರ್ಷ ಕುಣಿಗಲ್‌ನ ಒಬ್ಬ ವ್ಯಾನಿನವನು ಅರ್ಧಂಬರ್ಧ ಫೋಟೋ ಕಳಿಸಿದ್ದ. ಉಮಾ ಇನ್ನೊಂದು ಫೋಟೋ ಕೇಳೋಣ ಎಂದಳು. ಗುರುಪ್ರಕಾಶ ಅಷ್ಟೇ ಸಾಕು, ಕಳಿಸು ಎಂದ. ಕಳಿಸಿದಳು. ಲೋಡ್ ತಡೆಯದ ಟೈರು ದಾರಿಯಲ್ಲಿ ಸಿಡಿದು ವ್ಯಾನು ಹಳ್ಳಕ್ಕೆ ಬಿತ್ತು, ಡ್ರೈವರನ ಕಾಲು ಮುರಿಯಿತು. ಅವತ್ತಿನಿಂದ ಅವಳ ಕೋಪ ಹೆಚ್ಚಾಗಿದೆ. ಅದು ವ್ಯಾನಿನವನ ಮೇಲಲ್ಲ, ಗುರುಪ್ರಕಾಶನ ಮೇಲೂ ಅರ್ಧವೇ. ಉಳಿದರ್ಧ ಬಾಯಿ ಮುಚ್ಚಿಕೊಂಡ ತನ್ನ ಮೇಲೇ ಎಂದು ನನ್ನ ಲೆಕ್ಕ.

ಮೊನ್ನೆ ಸೋಮವಾರ ಬೆಳಿಗ್ಗೆ ಗುಬ್ಬಿಯಿಂದ ಅಡವಿಯಪ್ಪನ ಫೋಟೋ ಬಂತು. ಅಡವಿಯಪ್ಪನದು ಚಿಕ್ಕ ಗೂಡ್ಸ್ ಗಾಡಿ. ಮದುವೆಗಳಿಗೆ ಶಾಮಿಯಾನದ ಕಬ್ಬಿಣದ ಪೈಪು ಸಾಗಿಸುತ್ತಾನೆ. ಹಿಂದಿನ ಎಡಗಡೆ ಟೈರು ಕಲ್ಲಿಗೆ ಬಡಿದು ಪಕ್ಕದಲ್ಲಿ ಸೀಳಿದೆ, ಮಂಗಳವಾರ ಬೆಳಿಗ್ಗೆ ಕುಣಿಗಲ್‌ಗೆ ಪೈಪು ಹೊತ್ತು ಹೋಗಬೇಕು, ಇಂಥದ್ದೇ ಒಂದು ಬೇಕು ಎಂದು ಕಳಿಸಿದ್ದ. ಫೋಟೋ ಕನ್ನಡಿಯಂತೆ ಸ್ವಚ್ಛವಾಗಿತ್ತು. 145/70 R12 69S.

ಉಮಾ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದಳು. ಮುಖ ಕೆಂಪಾಯಿತು. ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದಳು.

"ಅಡವಿಯಪ್ಪಣ್ಣ, ಇದು ನಿಮ್ ಗಾಡಿ ಟೈರೇನಾ?"

"ನಮ್ದೇ ಕಣಮ್ಮ. ಪಕ್ಕದ್ಮನೇದು ತೆಗ್ದು ಕಳಿಸ್ತೀನಾ?"

"ಹಿಂದಿನ ಎಡಗಡೇದಾ?"

"ಸ್ಟೆಪ್ನಿದು. ಎಲ್ಲಾ ಒಂದೇ ಅಲ್ವಾ."

"ಒಂದೇ ಅಲ್ಲ. ಇದು ಕಾರಿನ ಟೈರು. ಅರವತ್ತೊಂಬತ್ತು ಅಂತ ಇದ್ಯಲ್ಲ, ಅದು ಲೋಡ್ ನಂಬರ್. ಮುನ್ನೂರ ಇಪ್ಪತ್ತೈದು ಕೆಜಿ ಅಷ್ಟೇ ತಡ್ಯೋದು. ನಿಮ್ ಪೈಪೆಷ್ಟು ತೂಕ?"

"ಅಷ್ಟೆಲ್ಲಾ ಗೊತ್ತಿಲ್ಲಮ್ಮ. ಹನ್ನೆರಡು ಅಂತ ಇದ್ಯಾ, ಹನ್ನೆರಡಿನ ರಿಮ್ಮು ನಂದು, ಕೂತ್ಕೊಳ್ತದೆ. ಕಳ್ಸು."

"ಕೂತ್ಕೊಳ್ತದೆ. ಆಮೇಲೆ ನೀವು ಮಲ್ಕೋತೀರಿ."

ನಾನು ನಕ್ಕುಬಿಟ್ಟೆ. ಅವಳು ನನ್ನ ಕಡೆ ತಿರುಗಿ ನೋಡಿದ ನೋಟಕ್ಕೆ ಕಾಫಿ ಲೋಟದಲ್ಲಿ ಕೆನೆ ಕಟ್ಟಿತು.

S ಎಂದರೆ ಗಂಟೆಗೆ ನೂರ ಎಂಬತ್ತು ಕಿಲೋಮೀಟರ್ ತನಕ ಓಡಬಲ್ಲ ಟೈರು ಎಂದು ಅರ್ಥ. ಅಡವಿಯಪ್ಪನ ಗಾಡಿ ನೂರ ಎಂಬತ್ತರಲ್ಲಿ ಓಡಬೇಕಾದರೆ ದೇವರಾಯನದುರ್ಗದ ತುದಿಯಿಂದ ಕೆಳಕ್ಕೆ ತಳ್ಳಬೇಕು.

"ಓಡ್ತಿದ್ದ ಟೈರಿನ ಫೋಟೋ ಯಾಕೆ ತೆಗೀಲಿಲ್ಲ?" ಉಮಾ ಬಿಡಲಿಲ್ಲ.

"ಇವತ್ತು ಸೋಮ್ವಾರ ಕಣಮ್ಮ. ಬೆಳಿಗ್ಗೆ ಗಾಡಿ ತೊಳ್ದು ಪೂಜೆ ಮಾಡಿ ನಾಲ್ಕೂ ಚಕ್ರಕ್ಕೆ ವಿಭೂತಿ ಬಳ್ದಿದೀನಿ. ನಂಬರ್ ಮೇಲೇ ಬಿದ್ದದೆ. ಸಂಜೆವರ್ಗೂ ಅಳಿಸಂಗಿಲ್ಲ. ಸ್ಟೆಪ್ನಿ ನೋಡಿದ್ರೆ ಚೆನ್ನಾಗಿ ಕಾಣ್ತಿತ್ತು, ಅದ್ನೇ ತೆಗ್ದೆ."

ಅವರ ಮನೆಯಲ್ಲಿ ಅದು ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ಅಜ್ಜ ಎತ್ತಿನ ಗಾಡಿಯ ಚಕ್ರಕ್ಕೆ ಬಳಿಯುತ್ತಿದ್ದ. ಎತ್ತಿನ ಗಾಡಿಯ ಚಕ್ರದ ಮೇಲೆ ಲೋಡ್ ನಂಬರ್ ಇರಲಿಲ್ಲ, ಹಾಗಾಗಿ ತೊಂದರೆಯೂ ಇರಲಿಲ್ಲ.

ಅಷ್ಟರಲ್ಲಿ ಗುರುಪ್ರಕಾಶ ಒಳಗಿನಿಂದ ಬಂದ. ಬ್ಯಾಂಕಿಗೆ ಹೊರಟಿದ್ದ. ಫೋನು ಇಸಿದುಕೊಂಡು ಫೋಟೋ ನೋಡಿದ.

"ಇಷ್ಟು ಕ್ಲಿಯರ್ ಆಗಿದ್ಯಲ್ಲಾ, ಇದ್ರಲ್ಲೂ ಜಗಳಾನಾ ಉಮಾ? ಅವ್ರು ಕೇಳಿದ್ದು ಕೊಡೋದು ನಮ್ ಕೆಲಸ." ಅಲ್ಲೇ ನಿಂತು ಬೆಂಗಳೂರಿಗೆ ತಾನೇ ಫೋನ್ ಮಾಡಿ 145/70 ಒಂದು ಎಂದು ಆರ್ಡರ್ ಹೇಳಿ ಹೊರಟುಹೋದ. ಗಡಿಯಾರ ಹತ್ತೂ ಇಪ್ಪತ್ತು.

ಉಮಾ ಮೇಜಿನ ಮೇಲಿದ್ದ ಸ್ಪ್ಯಾನರನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. ನಾನು ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿಕೊಂಡೆ. ಆಮೇಲೆ ಅವಳು ಮತ್ತೆ ಅಡವಿಯಪ್ಪನಿಗೆ ಫೋನ್ ಮಾಡಿದಳು.

"ಅಣ್ಣ, ವಿಭೂತಿ ಮುಟ್ಬೇಡಿ. ಟೈರಿಗೆ ಎರಡು ಮುಖ ಇರ್ತದೆ. ಒಳಗಡೆ ಮುಖದಲ್ಲೂ ನಂಬರ್ ಇರ್ತದೆ. ಗಾಡಿ ಕೆಳಗೆ ನುಗ್ಗಿ ಅದರ ಫೋಟೋ ತೆಗೀರಿ."

"ನಾನಾ? ಗಾಡಿ ಕೆಳಗಾ? ಮಡಿ ಪಂಚೆ ಉಟ್ಟಿದೀನಿ ಕಣಮ್ಮ."

"ಪಂಚೆ ಬಿಚ್ಚಿಟ್ಟು ನುಗ್ಗಿ. ಜ್ಯಾಕ್ ಮೇಲೆ ಎತ್ತಿದ್ರೆ ಇಳಿಸ್ಬಿಟ್ಟು ನುಗ್ಗಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ."

"ಏನಮ್ಮ ನೀನು, ಟೈರ್ ಕೇಳಿದ್ರೆ ಸರ್ಕಸ್ ಮಾಡಿಸ್ತೀಯಾ? ನಿಮ್ ಓನರ್ ಆಗ್ಲೇ ಮೆಸೇಜ್ ಹಾಕವ್ನೆ, ಆರ್ಡರ್ ಆಯ್ತು ಅಂತ. ನಿಂದೇನು?"

"ನಂದು ಏನೂ ಇಲ್ಲ. ಪೈಪಿನ ಮೇಲೆ ನಿಮ್ ಹುಡುಗ್ರು ಕೂತ್ಕೊಂಡು ಬರ್ತಾರಲ್ಲ, ಅವರ ಮನೆಯವ್ರ ನಂಬರ್ ಇದ್ರೆ ಕಳ್ಸಿ. ಈಗಲೇ ಬರ್ಕೊಂಡಿರ್ತೀನಿ."

ಆ ಕಡೆಯಿಂದ ಬಂದ ಬೈಗುಳವನ್ನು ಇಲ್ಲಿ ಬರೆದರೆ ಕಾಗದ ಸುಟ್ಟುಹೋಗುತ್ತದೆ. ಆದರೆ ಫೋನ್ ಇಡಲಿಲ್ಲ. ಪಂಚೆ ಒದರಿದ ಸದ್ದು, ನರಳಾಟ, ತಲೆ ಎಲ್ಲೋ ಬಡಿದ ಟಣ್ ಎನ್ನುವ ಸದ್ದು ಎಲ್ಲಾ ಕೇಳಿಸಿತು. ಫೋಟೋ ಬಂತು. ಬರೀ ಕೆಸರು. 145 ಮಾತ್ರ ಕಂಡಿತು.

"ಒದ್ದೆ ಬಟ್ಟೇಲಿ ಒರೆಸಿ. ಒಣಗಿದ್ಮೇಲೆ ಉಬ್ಬಕ್ಷರದ ಮೇಲೆ ಸೀಮೆಸುಣ್ಣ ಅಡ್ಡಡ್ಡ ಉಜ್ಜಿ. ಬೆಳ್ಳಗೆ ಎದ್ದು ಕಾಣ್ತದೆ. ಟಾರ್ಚು ನೇರ ಹಿಡೀಬೇಡಿ, ಪಕ್ಕದಿಂದ ಹಿಡೀರಿ. ಮತ್ತೆ ಸುತ್ತಾ ಮೂರು ಫೋಟೋ. ಕಂಪನಿ ಹೆಸರು ಪೂರ್ತಿ ಬೇಕು."

ಹತ್ತೂ ಐವತ್ತಕ್ಕೆ ಮೂರು ಫೋಟೋ ಬಂದವು. ಒಂದು ತಲೆಕೆಳಗಾಗಿತ್ತು. ಉಮಾ ಫೋನನ್ನೇ ತಿರುಗಿಸಿ ಓದಿದಳು. ನನಗೂ ತೋರಿಸಿದಳು, ಸಾಕ್ಷಿ ಇರಲಿ ಎಂದು. 145 R12 LT, 8PR, ಅಂದರೆ ಎಂಟು ಪದರದ ಬಲವಿರುವ ಲೋಡ್ ಗಾಡಿಯ ಟೈರು. ಅದರ ಪಕ್ಕದಲ್ಲಿ 86/84. ಒಂಟಿ ಚಕ್ರಕ್ಕೆ ಎಂಬತ್ತಾರು, ಜೋಡಿ ಚಕ್ರಕ್ಕೆ ಎಂಬತ್ತನಾಲ್ಕು. ಅಡವಿಯಪ್ಪನದು ಒಂಟಿ ಚಕ್ರ, ಎಂಬತ್ತಾರು ಎಂದರೆ ಐನೂರ ಮೂವತ್ತು ಕೆಜಿ. ಕಂಪನಿ ಹೆಸರು ಮಯೂರ್. ಅದರ ಪಕ್ಕದಲ್ಲಿ ಇನ್ನೂ ದಪ್ಪ ಅಕ್ಷರದಲ್ಲಿ ಬೇರೆ ಹೆಸರಿತ್ತು. ನಾನು ಅದೇ ಕಂಪನಿ ಎಂದೆ.

"ಅದು ಗುಂಡಿ ಮಾದರಿ ಹೆಸರು ತಾತ, ನೆಲಕ್ಕೆ ತಾಗೋ ಕಡೆ ಅಚ್ಚು ಇರ್ತದಲ್ಲ, ಅದರದು. ಮಾಡಿದೋರ ಹೆಸರು ಇದು. ಬಲಗಡೆ ಟೈರು ನಾಲ್ಕೇ ತಿಂಗಳದ್ದಂತೆ, ಅದಕ್ಕೆ ಜೊತೆ ಆಗ್ಬೇಕಲ್ಲ, ಎರಡೂ ಹೇಳ್ಬೇಕು."

ಬೆಂಗಳೂರಿಗೆ ಫೋನ್ ಮಾಡಿದಳು. "ಹತ್ತೂ ಇಪ್ಪತ್ತಕ್ಕೆ ಹೇಳಿದ್ದು ಕ್ಯಾನ್ಸಲ್ ಮಾಡಿ. ಬದಲಿಗೆ ಇದು ಹಾಕಿ."

"ಓನರ್ ಹೇಳಿದ್ದು ಮೇಡಂ ಅದು. ಯಾರ ಮಾತಿನ ಮೇಲೆ ಕ್ಯಾನ್ಸಲ್?"

"ನನ್ನ ಮಾತಿನ ಮೇಲೆ. ಉಮಾಮಹೇಶ್ವರಿ ಅಂತ ಬರ್ಕೊಳ್ಳಿ."

ಫೋನಿಟ್ಟು ಗಡಿಯಾರ ನೋಡಿದಳು. ಹನ್ನೊಂದಕ್ಕೆ ಇನ್ನೂ ಐದು ನಿಮಿಷ ಇತ್ತು.

ಗುರುಪ್ರಕಾಶ ಹನ್ನೆರಡಕ್ಕೆ ಬಂದ. ವಿಷಯ ತಿಳಿದು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದ.

"ಅಂಗಡಿ ನಂದಾ, ನಿಂದಾ?"

"ನಿಮ್ದೇ ಸಾರ್. ಕುಣಿಗಲ್‌ನಲ್ಲಿ ಕಾಲು ಮುರ್ಕೊಂಡೋನೂ ನಿಮ್ ಕಸ್ಟಮರೇ. ಅವತ್ತು ನೋಡೋಕೆ ಹೋದೋಳು ನಾನು, ನೀವಲ್ಲ."

"ಅದನ್ನ ಎಷ್ಟು ಸಲ ಎತ್ತಾಡ್ತೀಯ?"

"ನೀವು ಓದೋದು ಕಲಿಯೋ ತನಕ."

"ಅಡವಿಯಪ್ಪ ಸಂಜೆ ಬಂದು ಇದು ಬೇಡ ಅಂದ್ರೆ?"

"ನಾಳೆಯಿಂದ ನಾನು ಬರಲ್ಲ. ಇವತ್ತು ಬಾಯಿ ಮುಚ್ಕೊಂಡು ಕೂರಲ್ಲ."

ಗುರುಪ್ರಕಾಶ ನನ್ನ ಕಡೆ ನೋಡಿದ, ನ್ಯಾಯ ಹೇಳಲಿ ಎಂದು. ನಾನು ಮೂವತ್ತೊಂದು ವರ್ಷ ಒಂದೇ ಟೈರಿನಲ್ಲಿ ಸೈಕಲ್ ತುಳಿದು, ಕೊನೆಗೆ ಆ ಟೈರಿನ ಸವೆತದಲ್ಲಿ ನನ್ನ ಮಾವನ ಮುಖ ಮೂಡಿದ ಕಥೆ ಶುರು ಮಾಡಿದೆ. ಇಬ್ಬರೂ ಒಟ್ಟಿಗೆ ನನ್ನ ಮೇಲೆ ರೇಗಿದರು. ಅದರಲ್ಲಾದರೂ ಇಬ್ಬರೂ ಒಂದಾದರಲ್ಲ ಎಂದು ಸುಮ್ಮನಾದೆ.

ಸಂಜೆ ಐದೂವರೆಗೆ ಲಾರಿ ಮಾಲು ಇಳಿಸಿ ಹೋಯಿತು. ಆರಕ್ಕೆ ಅಡವಿಯಪ್ಪ ಬಂದ. ಸೀಳಿದ ಚಕ್ರ ಬಿಚ್ಚಿ ಗಾಡಿಯ ಹಿಂಬದಿಗೆ ಹಾಕಿಕೊಂಡು, ಸ್ಟೆಪ್ನಿ ಕಟ್ಟಿಕೊಂಡು, ಖಾಲಿ ಗಾಡಿ ಮೆಲ್ಲಗೆ ಓಡಿಸಿಕೊಂಡು ಬಂದಿದ್ದ. ಹಣೆಯಲ್ಲಿ ವಿಭೂತಿಯ ಮೂರು ಗೆರೆ, ಅದರ ಮಧ್ಯೆ ಗಾಡಿಯ ತಳಕ್ಕೆ ಬಡಿದ ಬುಗುಟು.

"ಎಲ್ಲಿ ಅವ್ಳು?" ಎಂದು ಇಳಿದ. "ಐವತ್ತೆರಡು ವರ್ಷಕ್ಕೆ ನನ್ನ ನೆಲದ ಮೇಲೆ ತೆವಳ್ಸಿದ್ಲಲ್ಲ. ಕೇಳಿದ್ದು ಕೊಡ್ದೆ ಬೇರೇದು ತರ್ಸವ್ಳಂತೆ. ನಂಗೆ ಬೇಡ."

ಗುರುಪ್ರಕಾಶ ಉಮಾಳ ಕಡೆ ನೋಡಿದ. ಅವಳು ಎದ್ದು ಹೊರಗೆ ಬಂದಳು, ಜಗಳ ಆಡಲಿಲ್ಲ. ಹೊಸ ಟೈರನ್ನು ಉರುಳಿಸಿಕೊಂಡು ಹೋಗಿ, ಗಾಡಿಗೆ ಕಟ್ಟಿದ್ದ ಸ್ಟೆಪ್ನಿಯ ಪಕ್ಕಕ್ಕೆ ಒರಗಿಸಿ ನಿಲ್ಲಿಸಿದಳು.

"ನೀವೇ ಓದಿ."

"ನಾನೇನು ಓದೋದು, ಬುಡು."

"ಬೆರಳಿಟ್ಟು ಓದಿ ಅಣ್ಣ. ಎರಡರ ಮೇಲೂ."

ಅಡವಿಯಪ್ಪ ಗೊಣಗುತ್ತಾ ಬಗ್ಗಿದ. ಹೊಸದರ ಮೇಲೆ ಎಂಬತ್ತಾರು. ಸ್ಟೆಪ್ನಿಯ ಮೇಲೆ ಅರವತ್ತೊಂಬತ್ತು. ಬಗ್ಗಿದಲ್ಲೇ ಇದ್ದವನಿಗೆ ಇನ್ನೊಂದೂ ಕಂಡಿತು. ಹೊಸ ಟೈರು ಸ್ಟೆಪ್ನಿಗಿಂತ ಎತ್ತರ. ವ್ಯಾಸದಲ್ಲಿ ಮೂರೂವರೆ ಸೆಂಟಿಮೀಟರ್ ವ್ಯತ್ಯಾಸ. ಹಿಂದಕ್ಕೆ ಸರಿದು ನಿಂತು ಗಾಡಿಯನ್ನು ನೋಡಿದ. ಖಾಲಿ ಗಾಡಿಯೇ ಎಡಕ್ಕೆ ವಾಲಿಕೊಂಡಿತ್ತು.

"ಇಂಥ ಗಾಡಿ ಫುಲ್ ಲೋಡ್ ಪೈಪು ಹೊತ್ರೆ ಹಿಂದಿನ ಒಂದೊಂದು ಚಕ್ರದ ಮೇಲೆ ನಾನೂರೈವತ್ತು ಕೆಜಿ ಬೀಳ್ತದೆ," ಎಂದಳು ಉಮಾ. "ಮುನ್ನೂರ ಇಪ್ಪತ್ತೈದರದು ತಡೀತದಾ?"

ಅಡವಿಯಪ್ಪನ ಕುತ್ತಿಗೆಯ ನರ ಉಬ್ಬುತ್ತಾ ಹೋಯಿತು. ಈಗ ಇವಳ ಮೇಲೆ ಬೀಳುತ್ತಾನೆ ಎಂದು ನಾನು ಕುರ್ಚಿಯಿಂದ ಎದ್ದೆ.

"ಈ ಸ್ಟೆಪ್ನಿ ಮೇಲೆ ಎರಡು ಸಲ ಲೋಡ್ ಹೊಡ್ದಿದೀನಿ," ಎಂದ. ದನಿ ತಗ್ಗಿತ್ತು. "ಹುಡುಗ್ರು ಮೇಲೆ ಕೂತಿದ್ರು. ಗಾಡಿ ತಗೊಂಡಾಗ ಇದೇ ಸ್ಟೆಪ್ನಿ ಹಾಕಿ ಕೊಟ್ಟವ್ನೆ ಹಳೇ ಗಾಡಿ ಮಾರೋ ಆ ಮೋಹನ್‌ಕುಮಾರ. ಎಲ್ಲಾ ಒಂದೇ ಅಣ್ಣೋ ಅಂದಿದ್ದ. ಕುಣಿಗಲ್‌ನೋನು. ನಾಳೆ ಪೈಪ್ ಇಳ್ಸಿ ನೇರ ಅವ್ನ ಅಂಗ್ಡಿಗೇ ಹೋಗ್ತೀನಿ."

"ಹೋಗಿ. ಆದ್ರೆ ಕಾರಿನ ಟೈರು ಗಾಡೀಲಿ ಇಟ್ಕೊಂಡು ಹೋಗ್ಬೇಡಿ. ದಾರೀಲಿ ಪಂಕ್ಚರ್ ಆದ್ರೆ ಮತ್ತೆ ಅದನ್ನೇ ಕಟ್ತೀರ."

"ಅವ್ನಿಗೆ ತೋರ್ಸೋದ್ ಬ್ಯಾಡ್ವಾ?"

"ಫೋಟೋ ತೋರ್ಸಿ. ಬೆಳಿಗ್ಗೆ ಕಳಿಸಿದ್ರಲ್ಲ, ಬಾಳ ಚೆನ್ನಾಗಿ ಬಂದದೆ."

ಅಡವಿಯಪ್ಪ ಅವಳನ್ನು ದುರುಗುಟ್ಟಿ ನೋಡಿದ. ಉಪಕಾರವಾಯಿತು ಎನ್ನಲಿಲ್ಲ. "ಹಾಕ್ರಲೇ ಹೊಸದು, ಏನ್ ನೋಡ್ತಾ ನಿಂತಿದೀರ," ಎಂದು ಗುರುಪ್ರಕಾಶನ ಮೇಲೆ ಕೂಗಿದ. ಅಂಗಡಿಯ ಮಾಲೀಕ ತಾನೇ ಜ್ಯಾಕ್ ತರಲು ಒಳಗೆ ಹೋದ.