ಐದು ತಿಂಗಳು ಮನೆಯಲ್ಲಿದ್ದವಳು

ಪುಸ್ತಕ ಹೊಲಿಯುವ ಕಾರ್ಖಾನೆಯ ಮಹಡಿಯಲ್ಲಿ ಕಿಟಕಿ ಪಕ್ಕದ ಜಾಗ ಅವಳದು. ಅಚ್ಚಾಗಿ ಬಂದ ಹಾಳೆಗಳನ್ನು ಮಡಿಸುವವರು, ಜೋಡಿಸುವವರು, ಅಂಟು ಹಚ್ಚುವವರು ಎಲ್ಲ ಸೇರಿ ಹದಿನೆಂಟು ಹೆಂಗಸರು ಅಲ್ಲಿದ್ದರು. ದಪ್ಪ ಪುಸ್ತಕಗಳ ಬೆನ್ನಿಗೆ ಕೈಯಲ್ಲೇ ದಾರ ಪೋಣಿಸುತ್ತಿದ್ದವಳು ಇವಳೊಬ್ಬಳೇ. ಅದಕ್ಕೇ ಹೊಲಿಗೆಯಕ್ಕ ಎಂಬ ಹೆಸರು ಅಂಟಿಕೊಂಡಿತು. ಇವಳು ಹೊಲಿದ ಪುಸ್ತಕ ಹರಿಯಬೇಕಾದರೆ ಓದುವವರು ಎರಡು ತಲೆಮಾರು ಬದಲಾಗಬೇಕು ಎಂದು ಯಜಮಾನರೇ ಬಂದವರ ಮುಂದೆ ಹೊಗಳುತ್ತಿದ್ದರು. ಹೊಗಳಿಕೆಗೆ ಅವರು ಎಂದೂ ಜಿಪುಣತನ ಮಾಡಿದವರಲ್ಲ.

ಐವತ್ತೆಂಟು ತುಂಬಿದ ತಿಂಗಳು ಅವಳನ್ನು ಕರೆದು, ಇನ್ನು ಮನೆಯಲ್ಲಿ ಆರಾಮಾಗಿರಿ ಎಂದರು. ಇಪ್ಪತ್ತೊಂದು ವರ್ಷ ಕತ್ತು ಬಗ್ಗಿಸಿ ಕೂತವಳಿಗೆ ಆರಾಮ ಎಂಬ ಮಾತು ಪಕ್ಕದ ಮನೆಯವರ ನೆಂಟರ ಹೆಸರಿನಂತೆ ಕೇಳಿಸಿತು. ಗ್ರಾಚ್ಯುಟಿ ಯಾವಾಗ ಕೊಡ್ತೀರಿ ಎಂದು ಕೇಳಿದಳು. ಅದಕ್ಕೊಂದು ಕೆಲಸವಿತ್ತು. ಬಾಡಿಗೆ ಮನೆಯ ಒಡೆಯರು ಮನೆ ಖಾಲಿ ಮಾಡಲು ಹೇಳಿದ್ದರು. ಹೊಸ ಮನೆಗೆ ಮುಂಗಡ ಕೊಡಲು ಇವಳ ಬಳಿ ಬರುವುದೆಂದರೆ ಆ ದುಡ್ಡೊಂದೇ.

ಯಜಮಾನರು ಗುಮಾಸ್ತನ ಕಡೆ ನೋಡಿದರು. ಗುಮಾಸ್ತ ಒಂದು ಕಡತ ತೆಗೆದು, ನಿಮ್ಮ ಸೇವೆ ನಾಲ್ಕು ವರ್ಷ ಮೂರು ತಿಂಗಳು, ಐದು ವರ್ಷ ತುಂಬದೆ ಗ್ರಾಚ್ಯುಟಿ ಇಲ್ಲ ಎಂದ. ಹೊಲಿಗೆಯಕ್ಕನಿಗೆ ಮೊದಲು ನಗು ಬಂತು. ಬೇರೆ ಯಾರದೋ ಕಡತ ತೆಗೆದಿದ್ದಾನೆ ಎಂದುಕೊಂಡಳು. ಅವನು ಕಾಗದವನ್ನು ಅವಳ ಕಡೆ ತಿರುಗಿಸಿದ. ಕೆಲಸಕ್ಕೆ ಹೊಸದಾಗಿ ಸೇರುವ ಅರ್ಜಿ. ಕೆಳಗೆ ಇದ್ದದ್ದು ಅವಳದೇ ಸಹಿ.

ಆ ಸಹಿಯ ಹಿಂದೆ ಅವಳ ಅತ್ತೆ ಇದ್ದರು. ನಾಲ್ಕೂಮುಕ್ಕಾಲು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಅವರಿಗೆ ಇಬ್ಬರು ಗಂಡುಮಕ್ಕಳಿದ್ದರು, ಇವಳ ಗಂಡ ಮತ್ತು ಬೇರೆ ಮನೆ ಮಾಡಿಕೊಂಡಿದ್ದ ಮೈದುನ. ಇಬ್ಬರೂ ತಾಯಿಯ ಮಂಚದ ಪಕ್ಕ ನಿಂತು ಕಣ್ಣೀರು ಹಾಕಿದರು, ಒರೆಸಿಕೊಂಡು ಕೆಲಸಕ್ಕೆ ಹೋದರು. ಒದ್ದೆಯಾದ ಹಾಸಿಗೆ ಬದಲಾಯಿಸಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು, ಗಂಜಿ ಚಮಚದಲ್ಲಿ ಒಂದೊಂದೇ ಹನಿ ಇಳಿಸಬೇಕು. ಇದನ್ನು ಯಾರು ಮಾಡಬೇಕು ಎಂಬ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳುವ ಮೊದಲೇ ಉತ್ತರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿತ್ತು.

ಕಾರ್ಖಾನೆಯಲ್ಲಿ ಒಂದು ರೂಢಿ ಇತ್ತು. ಬಾಣಂತನಕ್ಕೋ ಕಾಯಿಲೆಗೋ ಒಬ್ಬಳು ಮನೆಯಲ್ಲಿ ಉಳಿದರೆ, ಅವಳ ಮನೆಯ ಇನ್ನೊಬ್ಬಳು ಬಂದು ಅದೇ ಜಾಗದಲ್ಲಿ ಕೂರುವುದು. ಜಾಗ ತಣ್ಣಗಾಗಬಾರದು ಎನ್ನುತ್ತಿದ್ದರು ಯಜಮಾನರು. ಹಾಗೆ ಹೊಲಿಗೆಯಕ್ಕನ ವಾರಗಿತ್ತಿ ಬಂದು ಕೂತಳು. ಒಬ್ಬಳು ಅತ್ತೆಯನ್ನು ನೋಡಿಕೊಂಡಳು, ಒಬ್ಬಳು ಜಾಗವನ್ನು. ಐದು ತಿಂಗಳಿಗೆ ಅತ್ತೆ ತೀರಿಕೊಂಡರು. ವಾಪಸು ಹೋದ ದಿನ ಗುಮಾಸ್ತ ಹಾಜರಿ ಪುಸ್ತಕ ಸರಿಮಾಡಲಿಕ್ಕೆ ಎಂದು ಒಂದು ಕಾಗದ ಮುಂದಿಟ್ಟ. ಜಾಗ ಇನ್ನೂ ತನ್ನದೇ ಇದೆಯಲ್ಲ ಎಂಬ ಸಂತೋಷದಲ್ಲಿ ಅವಳು ಓದದೆ ಸಹಿ ಹಾಕಿದಳು. ವಾರಗಿತ್ತಿಗೂ ಕೆಲಸ ಕೈಗೆ ಹತ್ತಿತ್ತು. ವರ್ಷ ಕಳೆದ ಮೇಲೆ ಅವಳೂ ಅಂಟಿನ ಸಾಲಿಗೆ ಸೇರಿದಳು.

"ಬಿಟ್ಟಾಕು" ಎಂದ ಗಂಡ. ದೊಡ್ಡವರ ಜೊತೆ ಜಗಳ ಕಟ್ಟಿಕೊಂಡರೆ ಇರುವುದೂ ಹೋಗುತ್ತದೆ ಎಂಬುದು ಅವನ ವಾದ. ಇರುವುದು ಏನು ಎಂದು ಇವಳು ಕೇಳಿದಳು. ಅವನು ಸ್ವಲ್ಪ ಯೋಚಿಸಿ ಅಂಗಡಿಗೆ ಹೋಗಿಬರುತ್ತೇನೆಂದು ಎದ್ದ.

ಮೊದಲ ಅರ್ಜಿಯನ್ನು ಅವಳು ಗುಮಾಸ್ತನ ಕೈಗೇ ಕೊಟ್ಟಳು. ಅವನು ಮೇಜಿನ ಖಾನೆಗೆ ಹಾಕಿ, ಯಾವ ಅರ್ಜಿ ಎಂದ ಮಾರನೆಯ ವಾರ. ಆಗ ಕಾರ್ಮಿಕ ಇಲಾಖೆಯ ಕಚೇರಿ ಹುಡುಕಿಕೊಂಡು ಹೋದಳು. ಕೌಂಟರಿನಲ್ಲಿದ್ದ ಹೆಂಗಸು ತಲೆ ಎತ್ತದೆ ಬರೆಯುತ್ತಲೇ ಇವಳ ಕತೆ ಪೂರ್ತಿ ಕೇಳಿದಳು. ಮಾಲೀಕರಿಗೆ ಕೊಡುವ ಅರ್ಜಿಗೆ ನಮೂನೆಯೇ ಇದೆ, ತುಂಬಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ತಲುಪಿದ ಚೀಟಿ ಕಳೆದುಕೊಳ್ಳಬೇಡಿ ಎಂದಳು. ಅರ್ಜಿ ತಲುಪಿದ ಹದಿನೈದು ದಿನದೊಳಗೆ ಕೊಡುತ್ತೇವೆಂದೋ ಇಲ್ಲವೆಂದೋ ಅವರು ಬರೆದು ತಿಳಿಸಬೇಕು. ಇಲ್ಲ ಎಂದರೂ ಬಾಯಿ ಮುಚ್ಚಿಕೊಂಡು ಕೂತರೂ ತೊಂಬತ್ತು ದಿನದೊಳಗೆ ಇಲ್ಲಿಗೆ ಬನ್ನಿ. ಈ ಕಚೇರಿಯ ಮೇಡಮ್ಮೇ ಗ್ರಾಚ್ಯುಟಿಯ ನಿಯಂತ್ರಣ ಪ್ರಾಧಿಕಾರಿ, ಇಬ್ಬರನ್ನೂ ಕರೆಸಿ ವಿಚಾರಣೆ ಮಾಡಿ ತೀರ್ಪು ಕೊಡುವುದು ಅವರೇ.

"ಲಾಯರ್ ಬೇಕೇನಮ್ಮಾ?"

"ಬೇಕೇ ಬೇಕು ಅಂತಿಲ್ಲ. ನಿಮ್ಮ ಮಾತು ನೀವೇ ಹೇಳಬಹುದು. ನೋಡಿಕೊಂಡು ಹೇಳಿ, ಅಷ್ಟೆ."

ಆ ಕೊನೆಯ ಮಾತಿನ ತೂಕ ಹೊಲಿಗೆಯಕ್ಕನಿಗೆ ಆಗ ತಿಳಿಯಲಿಲ್ಲ.

ಹನ್ನೆರಡನೇ ದಿನ ಕಾರ್ಖಾನೆಯಿಂದ ಉತ್ತರ ಬಂತು: ಸೇವೆ ಐದು ವರ್ಷಕ್ಕಿಂತ ಕಡಿಮೆ ಇರುವುದರಿಂದ ಕೋರಿಕೆ ತಿರಸ್ಕರಿಸಲಾಗಿದೆ. ಅದನ್ನೂ ಲಗತ್ತಿಸಿ ಅವಳು ಮೇಡಮ್ಮಿನ ಮುಂದೆ ಅರ್ಜಿ ಹಾಕಿದಳು. ಎರಡೂ ಕಡೆಗೆ ನೋಟೀಸು ಹೋಯಿತು. ಮೊದಲ ದಿನ ಕಾರ್ಖಾನೆಯ ವಕೀಲರಿಗೆ ಜ್ವರ. ಎರಡನೆಯ ಸಲ ಯಜಮಾನರು ಊರಲ್ಲಿಲ್ಲ. ಪ್ರತಿ ಸಲವೂ ಇವಳು ಬೆಳಿಗ್ಗೆ ಐದಕ್ಕೆ ಎದ್ದು ಎರಡು ಹೊತ್ತಿನ ಅಡುಗೆ ಮಾಡಿಟ್ಟು ಬರುತ್ತಿದ್ದಳು. ಹೆಂಡತಿ ನ್ಯಾಯ ಕೇಳಲು ಹೋದಳೆಂದು ಗಂಡಸಿನ ಹಸಿವು ಮುಂದಿನ ತಾರೀಖಿಗೆ ಹೋಗುವುದಿಲ್ಲವಲ್ಲ.

ಮೂರನೆಯ ಸಲ ಎಲ್ಲರೂ ಬಂದರು. ಮೇಡಂ ತರಿಸಿದ್ದ ಹಾಜರಿ ಪುಸ್ತಕಗಳು ಮೇಜಿನ ಮೇಲಿದ್ದವು. ಹದಿನಾರು ಚಿಲ್ಲರೆ ವರ್ಷ ಇವಳ ಹೆಸರು. ಆಮೇಲೆ ಐದು ತಿಂಗಳು ಇವಳ ಹೆಸರಿಲ್ಲ, ಅದೇ ಸಾಲಿನಲ್ಲಿ ಇನ್ನೊಬ್ಬಳ ಹೆಸರು. ಆಮೇಲೆ ಮತ್ತೆ ಇವಳದು. ಬಿಟ್ಟು ಹೋದರು, ಬೇರೆಯವರನ್ನು ತೆಗೆದುಕೊಂಡೆವು, ಆಮೇಲೆ ಹೊಸದಾಗಿ ಸೇರಿದರು ಎಂದು ವಕೀಲರು ವಿವರಿಸಿದರು. ಮೇಡಂ ರಾಜೀನಾಮೆ ಪತ್ರ ಕೇಳಿದರು. ಇರಲಿಲ್ಲ. ಗೈರುಹಾಜರಿಗೆ ಸೇವೆ ಕಡಿದಿದೆ ಎಂದು ನಿಯಮದ ಪ್ರಕಾರ ಹೊರಡಿಸಿದ ಆದೇಶ ಏನಾದರೂ? ಅದೂ ಇರಲಿಲ್ಲ. ಹೊಲಿಗೆಯಕ್ಕನ ಎದೆ ಸ್ವಲ್ಪ ಹಗುರಾಯಿತು.

ಆಗ ವಕೀಲರು ಮೆತ್ತಗೆ ಕೇಳಿದರು. "ಆ ಐದು ತಿಂಗಳು ಏನು ಕೆಲಸ ಮಾಡ್ತಿದ್ರಿ ಅಮ್ಮ?"

"ಏನೂ ಇಲ್ಲ ಸ್ವಾಮಿ. ಮನೇಲೇ ಇದ್ದೆ."

"ಅಂದ್ರೆ ಕೆಲಸ ಬಿಟ್ಟು ಮನೇಲಿದ್ರಿ."

"ಹೂಂ, ಮನೇಲೇ ಸುಮ್ಮನೆ..."

ವಕೀಲರು ಅದನ್ನು ದಾಖಲಿಸಿಕೊಳ್ಳಿ ಎಂದರು. ಐದು ತಿಂಗಳು ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡದವಳ ಬಾಯಿಂದಲೇ ಆ ಮಾತು ಬಂದಿತ್ತು. ಮನೆಕೆಲಸವನ್ನು ಕೆಲಸವೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ಅವಳೂ ಕರೆದಿರಲಿಲ್ಲ. ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು, ಸುಮ್ಮನೆ ಅಂದರೆ ಏನು, ಸರಿಯಾಗಿ ಹೇಳಿ. ಆಗ ಅತ್ತೆಯ ಕತೆ ತಡವರಿಸುತ್ತ ಹೊರಬಂತು. ಯಜಮಾನರೇ ಒಪ್ಪಿ ಬದಲಿ ಕೂರಿಸಿಕೊಂಡಿದ್ದು ನಿಜವಾದರೆ ಅದು ರಜೆ, ಬಿಟ್ಟು ಹೋಗಿದ್ದಲ್ಲ. ಆದರೆ ಅವರು ಇಲ್ಲ ಎನ್ನುತ್ತಿದ್ದಾರೆ, ಗೊತ್ತಿರುವವರು ಯಾರಾದರೂ ಬಂದು ಹೇಳುತ್ತಾರೆಯೇ ಎಂದು ಮೇಡಂ ಕೇಳಿದರು. ಹದಿನೈದು ದಿನದ ನಂತರ ತಾರೀಖು ಕೊಟ್ಟರು.

ಮಹಡಿಯಲ್ಲಿ ಎಲ್ಲರೂ ಕಂಡಿದ್ದರು, ಆದರೆ ಕೂರಿಸುವಾಗ ಯಜಮಾನರು ಆಡಿದ ಮಾತು ಗೊತ್ತಿದ್ದವಳು ವಾರಗಿತ್ತಿ ಒಬ್ಬಳೇ. ಅವಳು ಅದೇ ಯಜಮಾನರ ಬಳಿ ದುಡಿಯುತ್ತಿದ್ದಳು. ಸೇರಿ ಮೂರೂವರೆ ವರ್ಷ, ಅವಳದೂ ಐದು ತುಂಬಲು ಇನ್ನೂ ಒಂದೂವರೆ ಬೇಕಿತ್ತು.

ಹೊಲಿಗೆಯಕ್ಕ ಸಾಕ್ಷಿ ಹೇಳೆಂದು ಕೇಳಬಾರದು ಎಂದುಕೊಂಡೇ ವಾರಗಿತ್ತಿಯ ಮನೆಗೆ ಹೋದಳು. ಅವಳು ಅಡುಗೆಮನೆಯಲ್ಲಿ ನೆಲ ಒರೆಸುತ್ತಿದ್ದಳು. ಇವಳು ಪಾತ್ರೆ ತೊಳೆಯಲು ಕೂತಳು. ಆ ಮನೆಯಲ್ಲಿ ಖಾಲಿ ಕೈಯಲ್ಲಿ ಮಾತಾಡಿ ಇಬ್ಬರಿಗೂ ಅಭ್ಯಾಸವಿರಲಿಲ್ಲ.

"ಅಕ್ಕಾ, ಗುಮಾಸ್ತ ಆಗಲೇ ಬಂದು ಹೇಳಿ ಹೋದ. ಅಂಟಿನ ಸಾಲಲ್ಲಿ ಜನ ಜಾಸ್ತಿ ಆಗಿದ್ದಾರಂತೆ."

"ಹಾಗಿದ್ರೆ ಬರಬೇಡ ಕಣೇ. ನಾನೇನೂ ಕೇಳಿಲ್ಲ."

"ನೀವು ಕೇಳಲ್ಲ. ಅತ್ತೆ ಕಾಲದಲ್ಲೂ ಕೇಳಲಿಲ್ಲ. ಎತ್ತೋಕೆ ಒಂದು ಕೈ ಹಾಕು ಅಂತ ಒಂದಿನ ಕರೆದಿದ್ರೆ ನಾನೂ ಬರ್ತಿದ್ದೆ. ಕರೀಲಿಲ್ಲ, ನಾನೂ ಬರಲಿಲ್ಲ. ಸಂಬಳ ಮಾತ್ರ ನಾನು ತಗೊಂಡೆ."

ಹೊಲಿಗೆಯಕ್ಕ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ತಾರೀಖಿನ ದಿನ ವಾರಗಿತ್ತಿ ಬಂದಳು. ಯಜಮಾನರ ಮುಖ ನೋಡದೆ, ಗೋಡೆಯ ಕಡೆ ನೋಡುತ್ತ ಹೇಳಿದಳು. "ಅಕ್ಕನ ಜಾಗದಲ್ಲಿ ಕೂತಿದ್ದೆ. ಅಕ್ಕ ವಾಪಸ್ ಬರೋವರೆಗೆ ಅಂತ ಹೇಳಿ ಯಜಮಾನ್ರೇ ಕೂರಿಸಿದ್ರು. ಅಕ್ಕ ಕೆಲಸ ಬಿಡಲಿಲ್ಲ, ಮೇಡಂ. ಅಲ್ಲಿ ಎಂಟು ಗಂಟೆ ಮಾಡ್ತಿದ್ರು, ಇಲ್ಲಿ ಇಪ್ಪತ್ನಾಲ್ಕು ಮಾಡಿದ್ರು." ನಿಮ್ಮ ಅಕ್ಕನಿಗೆ ದುಡ್ಡು ಬಂದರೆ ನಿಮಗೂ ಪಾಲು ಉಂಟೇ ಎಂದು ವಕೀಲರು ಕುಟುಕಿದರು. ನನಗೆ ಬರುವುದು ಏನೆಂದು ಆಗಲೇ ಗುಮಾಸ್ತರು ತಿಳಿಸಿದ್ದಾರೆ ಎಂದಳು ಅವಳು.

ಆದೇಶ ಬಂದಿತು. ಸೇವೆ ಕಡಿದಿಲ್ಲ, ಸಹಿ ಹಾಕಿಸಿಕೊಂಡ ಹೊಸ ಅರ್ಜಿಯಿಂದ ಹಳೆಯ ವರ್ಷಗಳು ಅಳಿಸುವುದಿಲ್ಲ. ಕೊನೆಯ ತಿಂಗಳ ಸಂಬಳವನ್ನು ಇಪ್ಪತ್ತಾರರಿಂದ ಭಾಗಿಸಿ, ವರ್ಷಕ್ಕೆ ಹದಿನೈದು ದಿನದಂತೆ ಇಪ್ಪತ್ತೊಂದು ವರ್ಷಕ್ಕೆ ಒಂದು ಲಕ್ಷ ಐವತ್ತೇಳು ಸಾವಿರದ ಐನೂರು, ತಡವಾದ ದಿನಗಳಿಗೆ ಬಡ್ಡಿ ಬೇರೆ, ಮೂವತ್ತು ದಿನದೊಳಗೆ ಕೊಡತಕ್ಕದ್ದು. ಹೊಲಿಗೆಯಕ್ಕ ಆ ಕಾಗದದಲ್ಲಿ ಇಪ್ಪತ್ತೊಂದು ಎಂಬ ಅಂಕಿಯನ್ನು ಬೆರಳಿಟ್ಟು ಎರಡು ಸಲ ಓದಿದಳು.

ಮೂವತ್ತು ದಿನವಾಯಿತು, ಬರಲಿಲ್ಲ. ಹೀಗೇ ಕೊಡದಿದ್ದರೆ ವಸೂಲಿಗೆ ಅರ್ಜಿ ಹಾಕಿ, ಇಲ್ಲಿಂದ ಜಿಲ್ಲಾಧಿಕಾರಿಗೆ ಪತ್ರ ಹೋಗುತ್ತದೆ, ಕಂದಾಯದ ಬಾಕಿ ಎಳೆದಂತೆ ಎಳೆಯುತ್ತಾರೆ ಎಂದು ಕೌಂಟರಿನ ಹೆಂಗಸು ಧೈರ್ಯ ಹೇಳಿದಳು. ಅಷ್ಟರಲ್ಲಿ, ಮೇಲಿನ ಪ್ರಾಧಿಕಾರಕ್ಕೆ ಹೋಗಲು ಇದ್ದ ಅರವತ್ತು ದಿನದ ಗಡುವಿಗೆ ಎರಡೇ ದಿನ ಉಳಿದಿರುವಾಗ, ಯಜಮಾನರು ಮೇಲ್ಮನವಿ ಹಾಕಿದರು. ಅದಕ್ಕಾಗಿ ದುಡ್ಡನ್ನು ಮೊದಲು ಠೇವಣಿ ಇಡಲೇಬೇಕಿತ್ತು, ಇಟ್ಟರು. ಅದರ ವಿಚಾರಣೆ ಮುಗಿಯಬೇಕು, ದುಡ್ಡು ಎಲ್ಲಿಗೂ ಹೋಗುವುದಿಲ್ಲ, ಭದ್ರವಾಗಿದೆ ಎಂದರು ಮೇಡಂ. ಹೊಲಿಗೆಯಕ್ಕನಿಗೆ ಮಾತ್ರ ಮನೆ ಖಾಲಿ ಮಾಡುವ ಗಡುವು ಕಳೆದೇ ಹೋಗಿತ್ತು. ಊರಾಚೆ ಒಂದೇ ಕೋಣೆಯ ಮನೆಗೆ ಪಾತ್ರೆ ಸಾಗಿಸಿದ್ದಾಗಿತ್ತು. ಗಂಡ ಗಾಳಿ ಇಲ್ಲವೆಂದು ಗೊಣಗುತ್ತ ಹೊಸ್ತಿಲಲ್ಲಿ ಕೂರುತ್ತಿದ್ದ, ಇವಳು ಒಳಗೆ ಒಲೆಯ ಮುಂದೆ.

ವಾರಗಿತ್ತಿಯನ್ನು ಸಾಕ್ಷಿ ಹೇಳಿದ ಮೂರನೆಯ ವಾರವೇ ಕೆಲಸದಿಂದ ತೆಗೆದಿದ್ದರು. ಕಾರಣ, ಅಂಟಿನ ಸಾಲಲ್ಲಿ ಜನ ಜಾಸ್ತಿ. ನಾಲ್ಕು ವರ್ಷವೂ ತುಂಬದ ಕಾರಣ ಗ್ರಾಚ್ಯುಟಿ ಕೇಳಲು ಅವಳಿಗೆ ದಾರಿ ಇರಲಿಲ್ಲ. ಸಾಕ್ಷಿ ಹೇಳಿದ್ದಕ್ಕೇ ತೆಗೆದರು ಎಂದು ದೂರು ಕೊಡಬಹುದು, ಆದರೆ ಅದು ಬೇರೆ ಪ್ರಕರಣ, ಬೇರೆ ಅರ್ಜಿ, ಎಷ್ಟು ದಿನ ಹಿಡಿಯುತ್ತದೋ ಹೇಳಲಾಗದು ಎಂದರು ಕಚೇರಿಯಲ್ಲಿ.

ಇಬ್ಬರೂ ಕಚೇರಿಯ ಬೆಂಚಿನ ಮೇಲೆ ಕೂತಿದ್ದರು. ವಾರಗಿತ್ತಿ ತನ್ನ ದೂರಿನ ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು, ಸಾಕ್ಷಿಗಳು ಎಂಬ ಜಾಗದಲ್ಲಿ ಪೆನ್ನು ನಿಲ್ಲಿಸಿದಳು.

"ಯಾರ ಹೆಸರು ಬರೀಲಿ ಅಕ್ಕಾ?"

"ನನ್ನದು ಬರಿ. ಬರೆದು ಒಂದು ಸಲ ಜೋರಾಗಿ ಓದು. ಕೇಳಿಸಿಕೊಂಡೇ ಸಹಿ ಹಾಕ್ತೀನಿ."