ಜೋಲಿಯೊಳಗಿನ ಸಾಸಿವೆ ದಿಂಬು

ಆ ದಿನ ಬೆಳಿಗ್ಗೆಯೂ ಎಂದಿನಂತೆ ಮೊದಲು ನಲ್ಲಿಯ ಕೆಳಗೆ ಕೊಡ ಇಟ್ಟು, ಆಮೇಲೆ ಬಾಗಿಲಿಗೆ ನೀರು ಹಾಕಿದೆ. ಬೇತಮಂಗಲದ ಕೆರೆಯ ನೀರು ಬರುವ ದಿನ ನಮ್ಮ ಊರಿಗಾಂ ಲೈನಿನಲ್ಲಿ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ಯಾರಿಗೂ ಗಡಿಯಾರ ಬೇಕಿಲ್ಲ, ಕೊಡಗಳ ಸದ್ದೇ ಸಾಕು. ಯಜಮಾನರೂ ಮಗನೂ ಊಟದ ಡಬ್ಬಿ ಹಿಡಿದು ಕೆಲಸದ ರೈಲಿಗೆ ಓಡಿದರು. ಮಾವನವರಿಗೆ ಕಾಫಿ ಕೊಟ್ಟೆ. ಅವರು ಎಂದಿನಂತೆ ಅದನ್ನು ಬಟ್ಟಲಿಗೆ ಸುರಿದುಕೊಂಡು, ಊದಿ ಊದಿ ಕುಡಿದರು.

ಎಂದಿನಂತೆ ಇಲ್ಲದ್ದು ಒಂದೇ. ಒಳಗಿನ ಕೋಣೆಯಲ್ಲಿ ಮೂರು ತಿಂಗಳ ಮಗುವೊಂದು ಅಳುತ್ತಿತ್ತು.

ಸೊಸೆ ಹಿಂದಿನ ದಿನವಷ್ಟೇ ಬಾಣಂತನ ಮುಗಿಸಿಕೊಂಡು ಬಂಗಾರಪೇಟೆ ಕಡೆಯ ತನ್ನ ತವರಿನಿಂದ ಬಂದಿದ್ದಳು. ಅಲ್ಲಿ ಹಾಲು ಕರೆಯುವ ಮನೆ. ಹಸುಗಳ ಕೆಲಸ ಮುಗಿಯುವವರೆಗೂ ಮೊಮ್ಮಗಳನ್ನು ಸೀರೆಯ ಜೋಲಿಯಲ್ಲಿ ಹಾಕಿಬಿಡುತ್ತಿದ್ದರಂತೆ. ಅದೇ ರೂಢಿಯಾಗಿ ಮಗು ಈಗ ನೆಲದ ಮೇಲೆ ಕಣ್ಣು ಮುಚ್ಚುತ್ತಿರಲಿಲ್ಲ. ನಿದ್ದೆಗೆಟ್ಟ ಸೊಸೆಯ ಕಣ್ಣ ಕೆಳಗೆ ಕಾಡಿಗೆ ಬಳಿದಂತಿತ್ತು.

"ಅತ್ತೆ, ಒಂದು ಜೋಲಿ ಕಟ್ಟಿಬಿಡಿ. ಅದ್ರಾಗಾದ್ರೆ ಮೂರ್ ಗಂಟೆ ಮಿಸುಕಾಡಲ್ಲ" ಎಂದಳು.

ಜೋಲಿ ಎಂದರೆ ನಮ್ಮ ಮನೆಯಲ್ಲಿ ಅದು ಮಾವನವರ ಇಲಾಖೆ. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಆಸರೆ ಕೊಡುವ ಕೆಲಸ ಅವರದಾಗಿತ್ತು. ಬಟ್ಟಲು ಕೆಳಗಿಟ್ಟು, ಊರುಗೋಲು ತೆಗೆದುಕೊಂಡು ನಡುಮನೆಗೆ ಬಂದರು. ನನ್ನ ಮಗನನ್ನು ತೂಗಿದ ತೊಲೆ ಅಲ್ಲೇ ಇದೆ, ಕೊಕ್ಕೆಯೂ ಇದೆ. ನಾನು ಹಗ್ಗ ಕೈಗೆ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. ಕೋಲಿನ ತುದಿಯಿಂದ ತೊಲೆಯನ್ನು ಟಕ್ ಟಕ್ ಎಂದು ತಟ್ಟುತ್ತ, ಕಿವಿ ಓರೆ ಮಾಡಿ ನಿಂತರು. ಗಣಿಯಲ್ಲಿ ಕೆಲಸ ಶುರುವಾಗುವ ಮುಂಚೆ ತಲೆ ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ಹೀಗೇ ತಟ್ಟಿ ನೋಡುತ್ತಿದ್ದರಂತೆ. ಗಟ್ಟಿ ಇದ್ದರೆ ಗಂಟೆಯ ಸದ್ದು, ಬಿರುಕು ಬಿಟ್ಟಿದ್ದರೆ ಖಾಲಿ ಡಬ್ಬದ ಸದ್ದು.

ಗೋಡೆಯ ಪಕ್ಕಕ್ಕೆ ಬರುವ ಹೊತ್ತಿಗೆ ತೊಲೆ ಬೊದ್ ಎಂದಿತು.

"ಕೇಳಿಸ್ತಾ ತಾಯಿ? ಒಳಗೆಲ್ಲ ಗೆದ್ದಲು ತಿಂದೈತೆ. ಮ್ಯಾಲೆ ಬಣ್ಣ ನೋಡಿ ಮೋಸ ಓಗ್ಬಾರ್ದು."

ಅಡುಗೆಮನೆಯ ಪಕ್ಕದ ತೊಲೆ ಮಾತ್ರ ಖಣ್ ಎಂದಿತು. ಅದಕ್ಕೆ ಹಗ್ಗ ಹಾಕಿ, ಅರ್ಧ ಚೀಲ ರಾಗಿ ತೂಗುಬಿಟ್ಟು, ತಾವೇ ಅದರ ಮೇಲೆ ಭಾರ ಬಿಟ್ಟು ಜಗ್ಗಿದರು. ಒಂದು ಗಂಟೆ ಹಾಗೇ ಬಿಟ್ಟು, ಗಂಟು ಜಾರಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆಯೇ ನನ್ನ ಹಳೆಯ ನೂಲಿನ ಸೀರೆ ಏರಿತು. ರೇಷ್ಮೆ ತಂದಿದ್ದೆ, "ಜಾರ್ತದೆ" ಎಂದು ಪಕ್ಕಕ್ಕಿಟ್ಟರು. ಜೋಲಿಯ ತಳ ನೆಲದಿಂದ ಒಂದು ಗೇಣು ಮಾತ್ರ ಮೇಲೆ, ಅದರ ಕೆಳಗೆ ಹಾಸಿಗೆ. ಬಟ್ಟೆ ಮಗುವಿನ ಮುಖದ ಮೇಲೆ ಮುಚ್ಚಿಕೊಳ್ಳದಂತೆ ಮೇಲೆ ಅಡ್ಡಕೋಲು.

ನನ್ನ ಪಾಲಿನದ್ದೂ ಒಂದಿತ್ತು. ತಲೆ ದುಂಡಗಾಗಲಿ ಎಂದು ಸಾಸಿವೆ ತುಂಬಿದ ಪುಟ್ಟ ದಿಂಬು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹೊಲಿಗೆಯಲ್ಲಿ ಅಂಚಿಗೆ ನೀಲಿ ದಾರದ ಎಲೆಗಳನ್ನು ಹೊಲಿದಿದ್ದೆ. ಒಂದು ವಾರ ಹಿಡಿದಿತ್ತು. ಸೊಸೆ ಅದನ್ನು ಜೋಲಿಯೊಳಗೆ ಇಟ್ಟು, ಅದರ ಮೇಲೆ ಮಗುವಿನ ತಲೆ ಇಟ್ಟಳು. ನಾಲ್ಕು ಸಲ ತೂಗಿದ್ದೇ ತಡ, ಅಳು ನಿಂತಿತು.

ಗೋಡೆಯಾಚೆಯ ಮನೆಯಾಕೆ ಇಣುಕಿದಳು. ಅವಳ ಮನೆಮಾತು ತಮಿಳು, ನಮ್ಮೊಂದಿಗೆ ಆಡುವುದು ಅವಳದೇ ಕನ್ನಡ. "ತೂಳಿ ಕಟ್ಟಾಯ್ತಾ ಅಕ್ಕಾ? ಅಪ್ಪಾಡಾ! ಇನ್ಮೇಲೆ ನಮ್ಗೂ ನಿದ್ದೆ" ಎಂದು ನಗುತ್ತ ಹೋದಳು.

ಸೊಸೆ ಸ್ನಾನಕ್ಕೆ ಹೋದಳು. ನಾನು ಪಕ್ಕದಲ್ಲೇ ಕುಳಿತು ಸೊಪ್ಪು ಬಿಡಿಸುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಜೋಲಿಯಿಂದ ಸಣ್ಣದೊಂದು ಗೊರಕೆ ಕೇಳಿಸಿತು. ಗುರ್... ನಿಂತು... ಗುರ್. ಇಣುಕಿದರೆ ಮಗು ಮುದುಡಿಕೊಂಡಿತ್ತು, ಗದ್ದ ಎದೆಯಲ್ಲಿ ಹುದುಗಿತ್ತು. ಮುತ್ತಜ್ಜನ ಹಾಗೇ ಗೊರಕೆ ಹೊಡೆಯುತ್ತಾಳಲ್ಲ ಎಂದು ನನಗೆ ನಗು ಬಂತು. ಸೊಪ್ಪಿಗೆ ಮರಳಿದೆ.

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಬಂದಳು. ಚುಚ್ಚುಮದ್ದಿನ ಕಾರ್ಡು ನೋಡಲು ಬಂದವಳು ಕಾರ್ಡು ಕೇಳಲೇ ಇಲ್ಲ. ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ಆಲಿಸಿದಳು. ಚೀಲ ಅಲ್ಲೇ ಬಿಟ್ಟು ಬಂದು, ಸೀರೆ ಅಗಲಿಸಿ, ಮಗುವನ್ನು ಎತ್ತಿ ಹಾಸಿಗೆಯ ಮೇಲೆ ಬೆನ್ನ ಮೇಲಾಗಿ ಮಲಗಿಸಿದಳು. ಗೊರಕೆ ಅಲ್ಲಿಗೇ ನಿಂತಿತು. ಎದೆ ಸರಾಗವಾಗಿ ಏರಿಳಿಯತೊಡಗಿತು. ತುಟಿಯ ಬಣ್ಣ ನೋಡಿದಳು, ಕೆಂಪಗೇ ಇತ್ತು. ಮಗು ಕಣ್ಣು ತೆರೆದು ಲೈನಿಗೆಲ್ಲ ಕೇಳುವಂತೆ ಅತ್ತಿತು.

"ಅಳ್ಲಿ ಬಿಡಕ್ಕ, ಅಳೋದು ಒಳ್ಳೇದೇ" ಎಂದಳು ಆಶಾ. "ಅದು ಗೊರಕೆ ಅಲ್ಲ. ಗದ್ದ ಎದೆಗೆ ಅಂಟ್ಕಂಡಿತ್ತು. ಎಳೆ ಮಕ್ಳ ಉಸಿರಿನ ದಾರಿ ಮೆತ್ತಗಿರ್ತದೆ, ಕತ್ತು ಮಡಚಿದ್ರೆ ಮುಚ್ಕಂತದೆ. ಅವಕ್ಕೆ ಕತ್ತು ಎತ್ಕಳಕ್ಕೂ ಬರಲ್ಲ. ಸುಮ್ನೆ ನಿದ್ದೆ ಮಾಡ್ತಾ ಇರೋ ಅಂಗೇ ಕಾಣ್ತದೆ."

ಒದ್ದೆ ಕೂದಲಿನ ಸೊಸೆ ಬಾಗಿಲಲ್ಲಿ ನಿಂತಿದ್ದಳು. "ನಾನೇ ಮಲಗ್ಸಿದ್ದು" ಎಂದಳು.

"ದಿಂಬು ನನ್ನದು" ಎಂದೆ ನಾನು.

ಆಶಾ ದಿಂಬನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಹೊಲಿಗೆ ಎಷ್ಟು ಚೆಂದಾಗೈತೆ. ಆದ್ರೆ ಜೋಲಿ ತಾನೇ ಬಗ್ಗಿರ್ತದೆ, ಇದು ತಲೆನ ಇನ್ನೂ ಮುಂದಕ್ಕೆ ತಳ್ತದೆ. ಒಂದು ವರ್ಷದ ತನಕ ದಿಂಬು ಬ್ಯಾಡವೇ ಬ್ಯಾಡ. ನಿದ್ದೆಗೆ ಸಮವಾಗಿರೋ ಗಟ್ಟಿ ಹಾಸಿಗೆ, ಬೆನ್ನ ಮೇಲೆ, ಅಷ್ಟೇ. ಜೋಲಿ ಅಳು ನಿಲ್ಸೋಕೆ ಮಾತ್ರ. ಎದುರಿಗೆ ಒಬ್ರು ಎಚ್ಚರವಾಗಿ ಕುಂತಿರ್ಬೇಕು. ಮುಖ ಕಾಣ್ಬೇಕು, ಗದ್ದಕ್ಕೂ ಎದೆಗೂ ಮಧ್ಯೆ ಎರಡು ಬೆರಳು ಓಗ್ಬೇಕು. ಕಣ್ಣು ಮುಚ್ಚಿದ ತಕ್ಷಣ ಕೆಳಗಿಳ್ಸಿ."

"ಮೂರ್ ಗಂಟೆ..." ಎಂದಳು ಸೊಸೆ.

"ಮೂರ್ ಗಂಟೆನೂ ಇಲ್ಲ, ಅರ್ಧ ಗಂಟೆನೂ ಇಲ್ಲ ಕಣಮ್ಮ. ಇನ್ನೊಂದು ತಿಂಗಳಾಗ್ಲಿ, ಬೋರಲು ಬೀಳಕ್ಕೆ ನೋಡ್ತಾಳೆ. ಆವತ್ತೇ ಜೋಲಿ ಬಿಚ್ಚಿಬಿಡಿ."

ಮಾವನವರು ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದರು. "ಗಣಿಗೆ ಇಳಿದಾಗ ಎರಡು ನೋಡ್ಬೇಕಿತ್ತು ತಾಯಿ" ಎಂದರು. "ತಲೆ ಮ್ಯಾಲಿನ ಕಲ್ಲು ಒಂದು, ಗಾಳಿ ಒಂದು. ಇವತ್ತು ನಾನು ಕಲ್ಲು ನೋಡ್ದೆ. ಗಾಳಿ ಮರೆತೆ."

ಎದ್ದು ಹೋಗಿ ಖಾಲಿ ಜೋಲಿಯನ್ನು ಸುತ್ತಿ ತೊಲೆಗೆ ಎತ್ತಿ ಕಟ್ಟಿದರು. ಲೈನಿನ ಮಕ್ಕಳು ಬಂದು ಜೋತಾಡಿ ಕುತ್ತಿಗೆಗೆ ಸುತ್ತಿಕೊಂಡಾವು ಎಂದು.

ಮಧ್ಯಾಹ್ನ ನಮ್ಮ ಪರೀಕ್ಷೆ. ಜೋಲಿ ಇಳಿಸಿ, ದಿಂಬಿಲ್ಲದೆ ಮಗುವನ್ನು ಹಾಕಿ, ತೊಡೆಗೆ ತೊಡೆ ತಾಗಿಸಿ ಅತ್ತೆ ಸೊಸೆ ಎದುರಿಗೇ ಕುಳಿತೆವು. ಸೊಸೆ ಎರಡು ಬೆರಳು ಇಟ್ಟು ನೋಡಿದಳು. ಕಣ್ಣು ಮುಚ್ಚಿದ ಕೂಡಲೇ ಹಾಸಿಗೆಗೆ ಇಳಿಸಿದೆವು. ಮಗು ಥಟ್ಟನೆ ಎದ್ದು ಅತ್ತಿತು. ಎರಡನೆಯ ಸಲವೂ ಅದೇ. ಸೊಸೆಯ ಕಣ್ಣು ತುಂಬಿತು. "ಇದು ಆಗೋ ಕೆಲ್ಸ ಅಲ್ಲ ಅತ್ತೆ."

ಮೂರನೆಯ ಸಲ ಇಳಿಸುವಾಗ ನಾನು ಗಮನಿಸಿದೆ: ತಲೆ ಮೊದಲು ತಾಗಿದಾಗ ಮಗುವಿನ ಎರಡೂ ಕೈ ಬೆಚ್ಚಿ ಮೇಲೇಳುತ್ತಿದ್ದವು. "ಕಾಲು ಮೊದ್ಲು ತಾಗ್ಸು, ಆಮೇಲೆ ಬೆನ್ನು, ಕೊನೆಗೆ ತಲೆ" ಎಂದೆ. ಹಾಗೇ ಮಾಡಿದಳು. ಎದೆಯ ಮೇಲಿನ ಕೈಯನ್ನು ತಕ್ಷಣ ತೆಗೆಯದೆ ಕಾದಳು. ಪುಟ್ಟ ಬೆರಳುಗಳು ಒಮ್ಮೆ ಅರಳಿ, ಮೆಲ್ಲನೆ ಮಡಚಿಕೊಂಡವು. ಮಗು ಮಲಗಿತು. ಬೆನ್ನ ಮೇಲೆ, ಗದ್ದ ಎತ್ತಿ, ಸದ್ದೇ ಇಲ್ಲದ ಉಸಿರಿನಲ್ಲಿ. ಸೊಸೆ ಅದರ ಪಕ್ಕದಲ್ಲಿ ಚಾಪೆಯ ಮೇಲೆ ಒರಗಿದವಳು ತಾನೂ ನಿದ್ದೆ ಹೋದಳು. ನಾನು ಮಾತ್ರ ಎಚ್ಚರವಾಗಿ ಇಬ್ಬರ ಉಸಿರನ್ನೂ ಕೇಳುತ್ತ ಕುಳಿತೆ. ಕೈ ಸುಮ್ಮನಿರಲಿಲ್ಲ. ನೀಲಿ ಎಲೆಗಳನ್ನು ಒಂದೊಂದಾಗಿ ಬಿಚ್ಚಿ, ಸಾಸಿವೆಯನ್ನು ಮೊರಕ್ಕೆ ಸುರಿದು ಕೇರಿ, ಡಬ್ಬಕ್ಕೆ ತುಂಬಿದೆ.

ಸಂಜೆ ಆ ಸಾಸಿವೆಯಲ್ಲೇ ಸಾರಿಗೆ ಒಗ್ಗರಣೆ ಹಾಕುವಾಗ ಕೈ ಸ್ವಲ್ಪ ಧಾರಾಳವಾಯಿತು. ಸಾಸಿವೆ ಚಟಪಟ ಸಿಡಿದು ಒಲೆಯ ಸುತ್ತ ಹಾರಿತು. ಬೆಳಗಿನ ದಿಂಬಿನ ಮಾತೆಲ್ಲ ಕೇಳಿಸಿಕೊಂಡಿದ್ದ ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ಎತ್ತಿಕೊಳ್ಳುತ್ತ ಗೋಡೆಯಾಚೆಯಿಂದಲೇ ಕೂಗಿದಳು:

"ಏನಕ್ಕಾ, ಈ ಪಾಟಿ ಸಾಸಿವೆ! ಇವತ್ತು ದಿಂಬಿನ ಸಾರಾ?"