ಕಪ್ಪಾದರೆ ಹೆದರಬೇಡಿ

ಆ ಭಾಷಣ ಬರೆದವಳು ನಾನೇ. ಬೇರೆ ಯಾರ ಮೇಲೂ ಹಾಕುವಂತಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಪುಣೆಯಲ್ಲಿ ಇಪ್ಪತ್ತು ಚಿಲ್ಲರೆ ಅಂಗನವಾಡಿಗಳಿಗೆ ನಾನು ಮೇಲ್ವಿಚಾರಕಿ. ಸಣ್ಣ ಮಕ್ಕಳಿಗೆ ರಕ್ತ ಕಡಿಮೆ ಎಂದು ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಸಿರಪ್ ಬಂತು. ದಿನಕ್ಕೆ ಒಂದು ಎಂ.ಎಲ್., ವರ್ಷಕ್ಕೆ ನೂರು ದಿನ. ಕೇಂದ್ರಕ್ಕೆ ಬರುವ ಮಕ್ಕಳಿಗೆ ಅಂಗನವಾಡಿ ನಡೆಸುವ ಸೇವಿಕೆಯರೇ ಕುಡಿಸಬೇಕು. ಮನೆಯಲ್ಲಿರುವ ಕೂಸುಗಳಿಗಾಗಿ ತಾಯಂದಿರ ಕೈಗೆ ಬಾಟಲಿ ಕೊಡಬೇಕು. ಏನು ಹೇಳಿ ಕೊಡಬೇಕು ಎಂಬುದನ್ನು ಸೇವಿಕೆಯರಿಗಾಗಿ ನಾಲ್ಕು ಪುಟ ಬರೆದೆ, ಮರಾಠಿಯಲ್ಲಿ. ಧಾರವಾಡದವಳು ಇಷ್ಟು ಚೆಂದ ಮರಾಠಿ ಬರೆದಳಲ್ಲ ಎಂದು ಆಫೀಸಿನಲ್ಲಿ ಹೊಗಳಿದರು. ನಾನೋ, ಉಬ್ಬಿ ಪೂರಿಯಾದೆ.

ತಾಯಂದಿರು ಎರಡೇ ದಿನಕ್ಕೆ ಔಷಧ ನಿಲ್ಲಿಸಿಬಿಡುತ್ತಾರೆ ಎಂಬುದೇ ನಮ್ಮೆಲ್ಲರ ಚಿಂತೆಯಾಗಿತ್ತು. ಹೀಗಾಗಿ ಧೈರ್ಯದ ಮಾತೆಲ್ಲ ಮೊದಲ ಪುಟಕ್ಕೆ ಬಂತು. ಮಲ ಕಪ್ಪಾದರೆ ಹೆದರಬೇಡಿ. ಸ್ವಲ್ಪ ಹೊಟ್ಟೆ ತೊಳಸಿದರೆ ಗಾಬರಿ ಬೇಡ, ಊಟವಾದ ಮೇಲೆ ಕೊಡಿ. ಹಲ್ಲಿಗೆ ಕಲೆಯಾಗದಂತೆ ನಾಲಿಗೆಯ ಹಿಂಭಾಗಕ್ಕೆ ಬಿಡಿ. ಹಾಲು, ಚಹಾದ ಜೊತೆ ಬೇಡ. ಮಗು ಹಟ ಮಾಡಿದರೆ ‘ಶರಬತ್ತು ಬಂತು’ ಎಂದು ಪುಸಲಾಯಿಸಿ. ಬಾಟಲಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಹೆಚ್ಚು ಕುಡಿದರೆ ವಿಷ, ತಕ್ಷಣ ಆಸ್ಪತ್ರೆಗೆ ಓಡಿ ಎಂಬುದು ನಾಲ್ಕನೆಯ ಪುಟದ ಕೊನೆಗೆ. ಬರೆದಿದ್ದೆ. ಬರೆದಿದ್ದೆ ಎಂದು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ!

ಕಟ್ಟಡ ಕೆಲಸದವರ ಒಂದು ಓಣಿಯಲ್ಲಿ ಎಲ್ಲರೂ ವಿಜಾಪುರದ ಕಡೆಯವರು. ಅಲ್ಲಿನ ಸೇವಿಕೆಗೆ ಕನ್ನಡ ಬಾರದು. “ತಾಈ, ತುಮ್ಹೀಚ್ ಸಾಂಗಾ”, ಅಕ್ಕಾ ನೀವೇ ಹೇಳಿ, ಎಂದು ನನ್ನನ್ನೇ ಮುಂದೆ ಮಾಡಿದಳು. ನಮ್ಮ ಮಾತಿನಲ್ಲಿ ಹೇಳುವ ಖುಷಿಗೆ ನಾನು ಮೊದಲ ಪುಟವನ್ನೇ ಎಳೆದು ಎಳೆದು ಹೇಳಿದೆ. “ಕಪ್ಪಗ ಆದ್ರ ಅಂಜಬ್ಯಾಡ್ರೆವ್ವಾ, ಔಷಧ ಹತ್ತಾಕತ್ತದ ಅಂತ ತಿಳೀರಿ.” ಹೆಂಗಸರು ಮುಖಕ್ಕೆ ಸೆರಗು ಹಿಡಿದು ನಕ್ಕರು. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಹೊರಗೆ ಯಾರೋ ನಳ ಬಂತೆಂದು ಕೂಗಿದರು. ಕೊಡ ಎತ್ತಿಕೊಂಡು ಎಲ್ಲರೂ ಎದ್ದೇಬಿಟ್ಟರು. ದಿನಕ್ಕೆ ಒಂದೇ ತಾಸು ಬರುವ ನೀರು, ಅವರನ್ನು ಹೇಗೆ ಬೈಯಲಿ? ಹೋಗುವವರ ಕೈಗೆ ಒಂದೊಂದು ಬಾಟಲಿ ಹಾಕಿದೆ. ಉಳಿದದ್ದನ್ನು ಮುಂದಿನ ತಿಂಗಳು ಹೇಳಿದರಾಯಿತು ಎಂದುಕೊಂಡೆ.

ಐದನೆಯ ದಿನ ಮಧ್ಯಾಹ್ನ ಸೇವಿಕೆಯ ಜೊತೆ ಮನೆ ಮನೆ ನೋಡಲು ಹೋದೆ. ಓಣಿಯ ಕೊನೆಯ ತಗಡಿನ ಮನೆಯಲ್ಲಿ ಒಬ್ಬ ತಾಯಿ, ನಾಲ್ಕು ವರ್ಷದ ಮಗಳು, ಹತ್ತು ತಿಂಗಳ ಮಗ. ಗಂಡ ರಾಂಜಣಗಾಂವದ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೂಲಿ, ಬರುವುದು ವಾರಕ್ಕೊಮ್ಮೆ. ಮಗಳು ನಮ್ಮ ಕೇಂದ್ರಕ್ಕೇ ಬರುತ್ತಿದ್ದಳು, ಅವಳ ಸಿರಪ್ ಅಲ್ಲೇ ಆಗುತ್ತಿತ್ತು. ಆಗ ಚಾಪೆಯ ಮೇಲೆ ಮಲಗಿದ್ದಳು.

“ಬರ್ರಿ ಅಕ್ಕಾರ, ಕುಂದರ್ರಿ” ಎಂದಳು ತಾಯಿ, ನಗುನಗುತ್ತ. “ನೀವು ಹೇಳಿದ್ದು ಖರೇ ಆತ್ ನೋಡ್ರಿ. ಮುಂಜಾನೆ ಹುಡುಗಿ ನಾಕ್ ಸಲ ವಾಂತಿ ಮಾಡ್ಕೊಂಡ್ಳು. ಹೊಟ್ಟಿ ಹಿಡ್ಕೊಂಡು ಅತ್ಲು, ಹೊರಕಡಿ ಕಪ್ಪಗ ಆತು. ಬಾಜೂ ಮನಿಯಾಕಿ ದವಾಖಾನಿಗೆ ಹೋಗು ಅಂದ್ಲು. ನಾ ಅಂಜ್ಲಿಲ್ರಿ. ಅಕ್ಕಾರ ಹೇಳ್ಯಾರ, ಹಿಂಗ ಆಕ್ಕದ ಅಂತ ಅಂದೆ. ಈಗ ನೋಡ್ರಿ, ಆರಾಮ ಮಲಗ್ಯಾಳ.”

ಒಂದು ಎಂ.ಎಲ್. ಸಿರಪ್ಪಿಗೆ ಮಗು ನಾಲ್ಕು ಸಲ ವಾಂತಿ ಮಾಡುವುದಿಲ್ಲ.

“ಬಾಟಲಿ ಎಲ್ಲಿ ಅದ? ಸಣ್ಣಾಂವಂದು?”

ಒಲೆಯ ಪಕ್ಕ, ನೆಲದ ಮೇಲೆ, ಉಪ್ಪಿನ ಡಬ್ಬಿಯ ಹತ್ತಿರ ಇತ್ತು. ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ತಾಯಿ ಅದನ್ನು ನೋಡಿದಳು, ನನ್ನನ್ನು ನೋಡಿದಳು. “ನಾ ನೀರಿಗೆ ಹೋಗಿದ್ದೆ” ಎಂದಳು. ಅವಳ ಮುಖದ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ. ಅಯ್ಯೋ, ಆ ಮುಖ!

ಹುಡುಗಿಯನ್ನು ಎತ್ತಿಕೊಂಡೆ. ಕುತ್ತಿಗೆ ನನ್ನ ತೋಳಿನ ಮೇಲೆ ಜೋತುಬಿತ್ತು. ಕೂಸನ್ನು ಸೇವಿಕೆಯ ಕೈಗೆ ಹಾಕಿ, ಬಾಟಲಿಯನ್ನು ಬ್ಲೌಸಿನೊಳಗೆ ಸಿಕ್ಕಿಸಿಕೊಂಡು ರಿಕ್ಷಾದತ್ತ ಓಡಿದೆ. ತಾಯಿ ಬರಿಗಾಲಲ್ಲೇ ಹಿಂದೆ ಓಡಿಬಂದಳು. ದಾರಿಯುದ್ದಕ್ಕೂ “ಮಲಗ್ಯಾಳ ಅಷ್ಟರಿ, ಮಲಗ್ಯಾಳ ಅಷ್ಟ” ಎನ್ನುತ್ತಿದ್ದಳು. ಸುಮ್ಮನಿರು ಎಂದು ನಾನು ಅವಳ ಮೇಲೆ ಚೀರಿದೆ. ಯಾರ ಮೇಲೆ ಚೀರಬೇಕಿತ್ತೋ ಅವಳು ನನ್ನ ಸೀರೆಯೊಳಗೇ ಇದ್ದಳು.

ಸರ್ಕಾರಿ ಆಸ್ಪತ್ರೆಯ ವೈದ್ಯೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಮಗುವಿನ ತೂಕ ಕೇಳಿದಳು. ಎಷ್ಟು ಗಂಟೆಗೆ ಕುಡಿದಳು ಎಂದಳು. ತಾಯಿಯನ್ನು ಕೇಳಿ, ಅವಳು ನೀರಿಗೆ ಹೋದಾಗ, ಬೆಳಿಗ್ಗೆ ಎಂಟಕ್ಕೆ ಎಂದೆ. ಗಡಿಯಾರದಲ್ಲಿ ಎರಡೂವರೆ. “ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ?” ಎಂದು ಮರಾಠಿಯಲ್ಲಿ ಗದರಿದಳು. ಮಗು ಶಾಂತವಾಗಿ ಮಲಗಿತ್ತು ಎಂದದ್ದಕ್ಕೆ, ಕಬ್ಬಿಣದ ವಿಷ ಹೀಗೇ ನಡುವೆ ಸುಮ್ಮನಾಗುತ್ತದೆ, ಆಮೇಲೆ ಒಮ್ಮೆಲೇ ಯಕೃತ್ತನ್ನು ಹಿಡಿಯುತ್ತದೆ ಎಂದಳು. ತಾಯಿಗೆ ಮರಾಠಿ ತಿಳಿಯಲಿಲ್ಲ. “ಏನಂದ್ರು ಅಕ್ಕಾರ?” ಎಂದು ನನ್ನ ಮುಖ ನೋಡಿದಳು. ಆ ಮಾತನ್ನೂ ನಾನೇ ಕನ್ನಡದಲ್ಲಿ ಹೇಳಬೇಕಾಯಿತು.

ಕಬ್ಬಿಣವನ್ನು ಹಿಡಿದು ಮೂತ್ರದ ದಾರಿಯಲ್ಲಿ ಹೊರಗೆ ತರುವ ಔಷಧವನ್ನು ಸಲೈನಿನ ಜೊತೆ ಹನಿ ಹನಿಯಾಗಿ ಏರಿಸಿದರು. ಹುಡುಗಿಯ ಮೂತ್ರ ಕೆಂಪಗೆ ಬಂತು. ಅದು ಕೆಲಸ ಮಾಡುತ್ತಿರುವ ಗುರುತು ಎಂದಳು ನರ್ಸ್. ತಾಯಿ ಮಾತ್ರ ಗೋಡೆಗೆ ತಲೆ ಚಚ್ಚಿಕೊಂಡಳು. ಕೆಂಪಾದರೆ ಅಂಜಬೇಡ ಎಂದು ಹೇಳಲು ಬಾಯಿ ತೆರೆದೆ. ಇನ್ನು ಯಾವ ಬಾಯಿಂದ ಹೇಳುವುದು! ಎರಡನೆಯ ದಿನ ಹುಡುಗಿ ಕರೆದರೂ ಕಣ್ಣು ಬಿಡಲಿಲ್ಲ. ಅವಳು ಹೋದರೆ ನಾನು ಈ ಊರಲ್ಲಿ ಮುಖ ಎತ್ತಿ ನಡೆಯಲಾರೆ ಎಂದುಕೊಂಡೆ. ಅಂಥ ಹೊತ್ತಿನಲ್ಲೂ ನನ್ನ ಮುಖದ್ದೇ ಚಿಂತೆ, ಥೂ! ದೇವರೇ, ಈ ಒಂದು ಮಗು ಉಳಿಯಲಿ ಎಂದು ಕಾರಿಡಾರಿನಲ್ಲಿ ನಿಂತು ಎಲ್ಲರೆದುರೇ ಅತ್ತೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಆ ಬುದ್ಧಿಯಿಂದ ಯಾರಿಗೆ ಏನು ಉಪಯೋಗ?

ಮೂರನೆಯ ದಿನ ಕಣ್ಣು ಬಿಟ್ಟು ಬಿಸ್ಕೀಟು ಕೇಳಿದಳು. ವಾರವಿಡೀ ರಕ್ತ ಪರೀಕ್ಷೆ ಮಾಡಿದ ಮೇಲೆ ಮನೆಗೆ ಬಿಟ್ಟರು. ಅಷ್ಟರಲ್ಲಿ ನಾನು ಭಾಷಣ ಬದಲಿಸಿದ್ದೆ. ಬಾಟಲಿ ಎಲ್ಲಿಡುತ್ತೀರಿ ಎಂದು ಕೇಳುವುದೇ ಮೊದಲ ಸಾಲು. ಹೆಚ್ಚು ಕುಡಿದರೆ, ಮೇಲಿಂದ ಮೇಲೆ ವಾಂತಿಯಾದರೆ, ಮಲಗಿದ್ದರೂ ಎತ್ತಿಕೊಂಡು ಓಡಿ ಎಂಬುದು ಎರಡನೆಯದು. ಶರಬತ್ತಿನ ಮಾತು ಹೊಡೆದುಹಾಕಿದೆ. ತಪ್ಪು ನನ್ನದೆಂದು ಮೇಲಿನವರಿಗೆ ಬರೆದುಕೊಟ್ಟೆ, ಬೈಸಿಕೊಂಡೆ.

ಆ ತಾಯಿಗೂ ಹೇಳಿದೆ. ಆ ದಿನ ಹೇಳಬೇಕಾದದ್ದನ್ನು ನಾನೇ ಬಿಟ್ಟೆ, ನಿನ್ನ ತಪ್ಪಿಲ್ಲ ಎಂದೆ. ಅವಳು ಸಿಟ್ಟಾಗಲಿಲ್ಲ. ತೊಡೆಯ ಮೇಲಿನ ಕೂಸಿನ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿಂದ ಎಳೆದು ತೋರಿಸಿದಳು. ಒಳಗೆ ಬಿಳಚಿಕೊಂಡಿತ್ತು.

“ಸಣ್ಣಾಂವಗ ಕುಡಿಸ್ಲ್ಯೋ ಬ್ಯಾಡ್ರ್ಯೋ?”

ಬೇಡ ಎನ್ನುವುದು ಸುಲಭವಿತ್ತು. ಆದರೆ ಅವನಿಗೆ ಅದು ಬೇಕಾಗಿತ್ತು. “ಕುಡಿಸಬೇಕವ್ವಾ. ಉಂಡ ಮ್ಯಾಲೆ, ಡ್ರಾಪರ್‌ನಾಗ ಒಂದ ಗೆರಿತನ” ಎಂದೆ.

ಅವಳು ಕೂಸನ್ನು ಎದೆಗೆ ಎಳೆದುಕೊಂಡಳು. “ನೀವು ಹೇಳಬ್ಯಾಡ್ರಿ ಅಕ್ಕಾರ” ಎಂದಳು. “ನೀವು ಹೇಳಿದ್ರ ನಾ ಮತ್ತ ಹಂಗ ಕೇಳಿಬಿಡ್ತೇನಿ. ಬಂದು ನೀವ ಕುಡಿಸ್ರಿ.”

ಮರುದಿನ ಆಫೀಸಿಗೆ ಹೋಗುವ ಮುಂಚೆ ಹೋದೆ. ಟ್ರಂಕಿನ ಬೀಗ ತೆಗೆದು, ಸೇವಿಕೆ ಕೊಟ್ಟಿದ್ದ ಹೊಸ ಬಾಟಲಿ ಕೊಟ್ಟಳು. ಡ್ರಾಪರಿನ ಗೆರೆಯವರೆಗೆ ಎಳೆದು ಕೂಸಿನ ನಾಲಿಗೆಯ ಹಿಂದೆ ಬಿಟ್ಟೆ. ಅವಳು ಕೂಸನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದಳು. ನೂರರಲ್ಲಿ ಇನ್ನೂ ತೊಂಬತ್ತೈದು ದಿನ ಉಳಿದಿದ್ದವು.